ಬಣ್ಣ ಹೋದರೂ ಚಾರ್ಟಿನ ಗೆರೆಗಳು ಬೇರೆಬೇರೆಯಾಗಿ ಕಾಣಬೇಕಾದರೆ

ಪ್ರಶ್ನೆ: 62 ಪುಟದ ಒಂದು ವರದಿಯ ಪಿಡಿಎಫ್ ಇದೆ. ಅದರಲ್ಲಿ 9 ಪುಟಗಳಲ್ಲಿ ಚಾರ್ಟ್‌ಗಳಿವೆ, ಒಂದೊಂದರಲ್ಲೂ ನೀಲಿ, ಕಿತ್ತಳೆ, ಹಸಿರು, ಕೆಂಪು ಅಂತ ನಾಲ್ಕು ಗೆರೆ. ಕಲರ್ ಪ್ರಿಂಟ್ ದುಬಾರಿ ಅಂತ ಗ್ರೇಸ್ಕೇಲ್ ಮಾಡಿದೆ. ಈಗ ನೀಲಿ ಯಾವುದು, ಕೆಂಪು ಯಾವುದು ಅಂತಲೇ ಗೊತ್ತಾಗ್ತಿಲ್ಲ, ಹಸಿರೂ ಹೆಚ್ಚುಕಡಿಮೆ ಹಾಗೇ ಇದೆ. ಚಾರ್ಟ್ ಮಾಡಿದ ಮೂಲ ಫೈಲ್ ಈಗ ಸಿಗುವ ಹಾಗಿಲ್ಲ, ಪಿಡಿಎಫ್ ಮಾತ್ರ ಇದೆ. ಏನಾದರೂ ಮಾಡಬಹುದಾ?

ಉತ್ತರ: ಮಾಡಬಹುದು. ಆದರೆ ನೀವು ಮಾಡಿದ ಗ್ರೇಸ್ಕೇಲ್ ಫೈಲನ್ನು ಪಕ್ಕಕ್ಕಿಟ್ಟು, ಬಣ್ಣದ ಮೂಲ ಪಿಡಿಎಫ್‌ನಿಂದಲೇ ಮತ್ತೆ ಶುರು ಮಾಡಿ. ಗೆರೆಗಳನ್ನು ಸರಿಪಡಿಸುವ ಕೆಲಸ ಬಣ್ಣ ಇರುವಾಗಲೇ ಆಗಬೇಕು. "ಕೆಂಪು ಗೆರೆಗಳನ್ನೆಲ್ಲ ಆರಿಸು" ಅಂತ ಸಾಫ್ಟ್‌ವೇರ್‌ಗೆ ಹೇಳಲು ಬಣ್ಣವೊಂದೇ ಹಿಡಿ. ಬೂದು ಆದಮೇಲೆ ಆ ಹಿಡಿ ಕೈಯಿಂದ ಜಾರುತ್ತದೆ.

ಮೊದಲು ಹೀಗೇಕಾಯಿತು ಅಂತ ನೋಡೋಣ, ಯಾಕೆಂದರೆ ಪರಿಹಾರವೂ ಅಲ್ಲಿಂದಲೇ ಬರುತ್ತದೆ. ನೀಲಿ, ಕಿತ್ತಳೆ, ಹಸಿರು, ಕೆಂಪು ಅನ್ನುವ ಕ್ರಮ ಕೇಳಿದರೆ ನಿಮ್ಮ ಚಾರ್ಟ್‌ಗಳನ್ನು ಪೈಥಾನ್‌ನಲ್ಲಿ ಚಾರ್ಟ್ ಬಿಡಿಸಲು ಬಳಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮಾಡಿರಬಹುದು ಅನಿಸುತ್ತದೆ. ಅದು ತಾನಾಗಿ ಕೊಡುವ ಮೊದಲ ನಾಲ್ಕು ಬಣ್ಣ ಇವೇ: #1f77b4, #ff7f0e, #2ca02c, #d62728. ಗ್ರೇಸ್ಕೇಲ್ ಮಾಡುವಾಗ ಪ್ರತಿ ಬಣ್ಣದ ಕೆಂಪು, ಹಸಿರು, ನೀಲಿ ಅಂಶಗಳನ್ನು ಒಂದೇ ಸಂಖ್ಯೆಗೆ ಇಳಿಸುತ್ತಾರೆ. ಹಳೆಯ, ಸರಳ ಸೂತ್ರ ಇದು:

```
gray = 0.30*R + 0.59*G + 0.11*B
```

ನಿಮ್ಮ ನಾಲ್ಕು ಬಣ್ಣಗಳನ್ನು ಇದಕ್ಕೆ ಹಾಕಿದರೆ ನೀಲಿ 99, ಕಿತ್ತಳೆ 153, ಹಸಿರು 112, ಕೆಂಪು 92 ಬರುತ್ತದೆ. ಇಲ್ಲಿ 0 ಅಂದರೆ ಅಪ್ಪಟ ಕಪ್ಪು, 255 ಅಂದರೆ ಬಿಳಿ. ನೀಲಿಗೂ ಕೆಂಪಿಗೂ ಇರುವ ಅಂತರ ಬರೀ 7! ಕಣ್ಣಿಗೆ ಅಷ್ಟು ದೂರದೂರ ಕಾಣುವ ಎರಡು ಬಣ್ಣ ಬೆಳಕಿನ ಲೆಕ್ಕದಲ್ಲಿ ಅಕ್ಕಪಕ್ಕವೇ ಕೂತಿವೆ. ಕೆಲವು ಸಾಫ್ಟ್‌ವೇರ್‌ಗಳು ಕಲರ್ ಪ್ರೊಫೈಲ್ ಬಳಸಿ ಬೇರೆ ರೀತಿ ಲೆಕ್ಕ ಹಾಕುತ್ತವೆ. ಆಗ ಹಸಿರು ಇನ್ನೊಂದಿಷ್ಟು ತಿಳಿಯಾಗಿ ದೂರ ಸರಿಯುತ್ತದೆ, ಆದರೆ ನೀಲಿ, ಕೆಂಪು ಎರಡೂ ಇನ್ನಷ್ಟು ಹತ್ತಿರ ಬರುತ್ತವೆ. ಹಾಗಾಗಿ ಇನ್ನೊಂದು ಕನ್ವರ್ಟರ್ ಹುಡುಕಿಕೊಂಡು ಹೋಗುವುದರಿಂದ ಪ್ರಯೋಜನವಿಲ್ಲ. ನಿಮ್ಮ ಕನ್ವರ್ಟರ್ ತಪ್ಪು ಮಾಡಿಲ್ಲ.

"ಹಾಗಾದರೆ ನಾಲ್ಕು ಬೇರೆಬೇರೆ ಬೂದು ಕೊಟ್ಟರಾಯಿತು" ಅಂತ ಅನಿಸುವುದು ಸಹಜ. ಪರದೆಯ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ. ಕಾಗದದ ಮೇಲೆ ಕೈಕೊಡುತ್ತದೆ. ಕಪ್ಪು-ಬಿಳುಪು ಲೇಸರ್ ಪ್ರಿಂಟರ್‌ನಲ್ಲಿ ಬೂದು ಬಣ್ಣದ ಟೋನರ್ ಅಂತ ಇರುವುದಿಲ್ಲ, ಇರುವುದು ಕಪ್ಪು ಒಂದೇ. ಸಣ್ಣಸಣ್ಣ ಕಪ್ಪು ಚುಕ್ಕಿಗಳನ್ನು ಹತ್ತಿರ ಹತ್ತಿರ ಇಟ್ಟು ಅದು ಬೂದಿನ ಭ್ರಮೆ ಹುಟ್ಟಿಸುತ್ತದೆ. 600 ಡಿಪಿಐ ಪ್ರಿಂಟರ್‌ನಲ್ಲಿ ಈ ಚುಕ್ಕಿಗಳ ಸಾಲು ಸಾಮಾನ್ಯವಾಗಿ ಇಂಚಿಗೆ 100ರ ಆಸುಪಾಸು ಇರುತ್ತದೆ, ಅಂದರೆ ಒಂದು ಚುಕ್ಕಿಯ ಮನೆ ಸುಮಾರು 0.25 ಮಿಲಿಮೀಟರ್ ಅಗಲ. ಚಾರ್ಟಿನ ಒಂದು ಪಾಯಿಂಟ್ ದಪ್ಪದ ಗೆರೆ 0.35 ಮಿಲಿಮೀಟರ್. ಗೆರೆಯ ಅಗಲದಲ್ಲಿ ಹಿಡಿಯುವುದೇ ಒಂದೂವರೆ ಚುಕ್ಕಿ! ಅಷ್ಟು ಜಾಗದಲ್ಲಿ ಇದು ಶೇಕಡಾ 40ರ ಬೂದು, ಅದು 55ರದ್ದು ಅಂತ ತೋರಿಸಲು ಆಗುವುದಿಲ್ಲ. ಗೆರೆಯ ಅಂಚು ಹರಿದು, ಕಚ್ಚಿದ ಹಾಗೆ ಕಾಣುತ್ತದೆ, ಅಷ್ಟೇ. ಇನ್ನೂ ತೆಳ್ಳಗಿದ್ದರೆ ತನ್ನಷ್ಟಕ್ಕೇ ಚುಕ್ಕಿಗೆರೆಯಾಗಿಬಿಡುತ್ತದೆ.

ಇದರಿಂದ ಹೊರಡುವ ನನ್ನ ಸಲಹೆ: ತೆಳು ಗೆರೆಗಳೆಲ್ಲ ಅಪ್ಪಟ ಕಪ್ಪಾಗಿರಲಿ, ನಮೂನೆಯಲ್ಲಿ ಮಾತ್ರ ಬೇರೆಯಾಗಿರಲಿ. ಬೂದು ಬೇಕೇ ಬೇಕಾದರೆ ಒಂದೇ ಒಂದು ಗೆರೆಗೆ ಕೊಡಿ, ಆ ಗೆರೆ ದಪ್ಪಗಿರಲಿ.

ಮುಂದಿನ ಹೆಜ್ಜೆಗೆ ಮೊದಲು ಒಂದು ಪರೀಕ್ಷೆ ಇದೆ. ಪಿಡಿಎಫ್ ತೆರೆದು ಒಂದು ಚಾರ್ಟನ್ನು 800 ಪರ್ಸೆಂಟ್‌ಗೆ ಹಿಗ್ಗಿಸಿ ನೋಡಿ. ಗೆರೆಯ ಅಂಚು ಅಷ್ಟು ದೊಡ್ಡದಾದರೂ ನುಣ್ಣಗಿದ್ದರೆ ಅದು ವೆಕ್ಟರ್, ಅಂದರೆ ಗೆರೆಗಳು ಗೆರೆಗಳಾಗಿಯೇ ಫೈಲ್‌ನಲ್ಲಿವೆ, ಒಂದೊಂದನ್ನೂ ಮುಟ್ಟಿ ಬದಲಾಯಿಸಬಹುದು. ಚೌಕಚೌಕವಾಗಿ, ಮಸುಕಾಗಿ ಕಂಡರೆ ಯಾರೋ ಚಾರ್ಟಿನ ಚಿತ್ರವನ್ನು ತಂದು ಅಂಟಿಸಿದ್ದಾರೆ. ಅದಕ್ಕೆ ದಾರಿ ಬೇರೆ, ಕೊನೆಯಲ್ಲಿ ಹೇಳುತ್ತೇನೆ.

ವೆಕ್ಟರ್ ಆಗಿದ್ದರೆ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಸಾಕು. ಅದು ಉಚಿತ. ನಿಮ್ಮ 14ನೇ ಪುಟದಲ್ಲಿ ಒಂದು ಚಾರ್ಟ್ ಇದೆ ಅಂದುಕೊಂಡು ಪೂರ್ತಿ ಹೇಳುತ್ತೇನೆ. ಇಂಕ್‌ಸ್ಕೇಪ್‌ನಲ್ಲಿ ಪಿಡಿಎಫ್ ತೆರೆದಾಗ ಯಾವ ಪುಟ ಬೇಕು ಅಂತ ಕೇಳುತ್ತದೆ, 14 ಕೊಡಿ. ಅದೇ ಕಿಟಕಿಯಲ್ಲಿ Poppler/Cairo import ಅನ್ನುವ ಆಯ್ಕೆ ಇದ್ದರೆ ಅದನ್ನೇ ಆರಿಸಿಕೊಳ್ಳಿ. ಹೀಗೆ ಮಾಡಿದಾಗ ಅಕ್ಷರಗಳು ಆಕಾರಗಳಾಗಿ ಬರುತ್ತವೆ. ನಿಮ್ಮ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೂ ಪುಟದ ರೂಪ ಕೆಡುವುದಿಲ್ಲ. ಕನ್ನಡ ಅಕ್ಷರಗಳಿರುವ ಪುಟವಾದರೆ ಇದು ಇನ್ನೂ ಮುಖ್ಯ. ಇಲ್ಲದಿದ್ದರೆ ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕೂರಬಹುದು. ಆ ಪುಟದ ಪಠ್ಯವನ್ನು ಆಮೇಲೆ ಹುಡುಕಲು, ಕಾಪಿ ಮಾಡಲು ಬರುವುದಿಲ್ಲ, ನಿಜ. ಆದರೆ ಇದು ಪ್ರಿಂಟ್‌ಗೆ ಮಾತ್ರ ಮಾಡುವ ಪ್ರತಿ ಅಲ್ವಾ.

ಪುಟ ತೆರೆದ ಮೇಲೆ Ctrl ಒತ್ತಿಕೊಂಡು ಕೆಂಪು ಗೆರೆಯ ಮೇಲೆ ಕ್ಲಿಕ್ ಮಾಡಿ. ಗುಂಪಿನ ಒಳಗಿದ್ದರೂ ಅದೊಂದೇ ಸಿಗುತ್ತದೆ. ಆಮೇಲೆ Edit > Select Same > Stroke Color ಕೊಡಿ. ಆ ಪುಟದ ಕೆಂಪು ಗೆರೆಗಳೆಲ್ಲ ಒಟ್ಟಿಗೆ ಆಯ್ಕೆಯಾಗುತ್ತವೆ. ಯಾವ ಗೆರೆ ಯಾವುದರದ್ದು ಅಂತ ಹೇಳುವ ಲೆಜೆಂಡ್‌ನಲ್ಲಿರುವ ಕೆಂಪು ತುಂಡೂ ಇದರಲ್ಲಿ ಸೇರಿರುತ್ತದೆ, ಹಾಗಾಗಿ ಲೆಜೆಂಡನ್ನು ಪ್ರತ್ಯೇಕವಾಗಿ ತಿದ್ದಬೇಕಿಲ್ಲ. ಬಣ್ಣ ಇರುವಾಗಲೇ ಮಾಡಿ ಅಂದಿದ್ದು ಇದಕ್ಕೇ. ಈಗ Ctrl+Shift+F ಒತ್ತಿದರೆ Fill and Stroke ಫಲಕ ತೆರೆಯುತ್ತದೆ. ಅಲ್ಲಿ Stroke style ಅನ್ನುವ ಟ್ಯಾಬ್‌ನಲ್ಲಿ ದಪ್ಪವನ್ನೂ ಡ್ಯಾಶ್ ನಮೂನೆಯನ್ನೂ ಬದಲಾಯಿಸಬಹುದು. Stroke paint ಟ್ಯಾಬ್‌ನಲ್ಲಿ ಬಣ್ಣವನ್ನು ಕಪ್ಪು ಮಾಡಬಹುದು.

ಒಂದು ಕಿವಿಮಾತು. ನಾಲ್ಕೂ ಬಣ್ಣಗಳಿಗೆ ಮೊದಲು ಡ್ಯಾಶ್, ದಪ್ಪ ಹಾಕಿ ಮುಗಿಸಿ. ಬಣ್ಣವನ್ನು ಕಪ್ಪು ಮಾಡುವುದನ್ನು ಕೊನೆಗೆ ಇಟ್ಟುಕೊಳ್ಳಿ. ಒಂದು ಗೆರೆಯನ್ನು ಆಗಲೇ ಕಪ್ಪು ಮಾಡಿಬಿಟ್ಟರೆ ಅದು ಚಾರ್ಟಿನ ಅಕ್ಷದ ಗೆರೆ, ಚೌಕಟ್ಟುಗಳ ಜೊತೆ ಸೇರಿಹೋಗುತ್ತದೆ. ಮತ್ತೆ ಆರಿಸಲು ಹೋದರೆ ಎಲ್ಲವೂ ಒಟ್ಟಿಗೆ ಬರುತ್ತವೆ.

ಯಾವ ಗೆರೆಗೆ ಯಾವ ನಮೂನೆ? ಸುಮ್ನೆ ಕ್ರಮವಾಗಿ ಹಂಚಬೇಡಿ, ಗೆರೆಗಳ ಸ್ವಭಾವ ನೋಡಿ ಹಂಚಿ. ತುಂಬಾ ಏರಿಳಿತ ಇರುವ, ಗರಗಸದ ಹಲ್ಲಿನಂತಿರುವ ಗೆರೆಗೆ ಡ್ಯಾಶ್ ಹಾಕಿದರೆ ಹಾಳು. ಡ್ಯಾಶ್‌ನ ಖಾಲಿ ಜಾಗ ಸರಿಯಾಗಿ ಒಂದು ಶಿಖರದ ಮೇಲೇ ಬಿದ್ದು ಆ ಶಿಖರವೇ ಮಾಯವಾಗಬಹುದು. ಪಕ್ಕಪಕ್ಕದ ಏರು, ಇಳಿತಗಳ ತುಂಡುಗಳು ಬೆರೆತು ಕಲಸುಮೇಲೋಗರ ಆಗುತ್ತದೆ. ಅಂಥ ಗೆರೆ ಅಖಂಡವಾಗಿಯೇ ಇರಲಿ. ನಿಧಾನವಾಗಿ ಬಾಗುವ ಗೆರೆಗಳು ಡ್ಯಾಶ್, ಚುಕ್ಕಿಗಳನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ.

ನಿಮ್ಮ ಚಾರ್ಟಿನಲ್ಲಿ ನೀಲಿ ಗೆರೆ ಏರಿಳಿತದ್ದು, ಉಳಿದವು ಮೆಲ್ಲನೆ ಸಾಗುವಂಥವು ಅಂತಿಟ್ಟುಕೊಳ್ಳಿ. ನಾನಾದರೆ ಹೀಗೆ ಮಾಡುತ್ತೇನೆ. ನೀಲಿಯನ್ನು 1.5 ಪಾಯಿಂಟ್‌ನ ಅಖಂಡ ಕಪ್ಪು ಗೆರೆ ಮಾಡುತ್ತೇನೆ. ಕೆಂಪು ನೀಲಿಗೆ ತೀರಾ ಹತ್ತಿರ ಇದ್ದದ್ದು, ಅದಕ್ಕೇ ಅದನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ಬೇರೆ ಮಾಡಬೇಕು: 1.5 ಪಾಯಿಂಟ್ ಕಪ್ಪು, 6 ಪಾಯಿಂಟ್ ಗೆರೆ, 3 ಪಾಯಿಂಟ್ ಖಾಲಿ. ಇಂಕ್‌ಸ್ಕೇಪ್‌ನಲ್ಲಿ ಡ್ಯಾಶ್‌ನ ಅಳತೆ ಗೆರೆಯ ದಪ್ಪದ ಪಟ್ಟುಗಳಲ್ಲಿ ಇರುತ್ತದೆ, ಹಾಗಾಗಿ ಇದು 4 ಮತ್ತು 2ರ ನಮೂನೆ. ಹಸಿರಿಗೆ 2 ಪಾಯಿಂಟ್ ದಪ್ಪದ ಕಪ್ಪು ಚುಕ್ಕಿಗೆರೆ, ಚುಕ್ಕಿಗಿಂತ ಖಾಲಿ ಜಾಗ ಜಾಸ್ತಿ ಇರಲಿ, 1 ಮತ್ತು 2ರ ನಮೂನೆ ಸರಿಹೋಗುತ್ತದೆ. ಕಿತ್ತಳೆ ಮೊದಲೇ ತಿಳಿಯಾಗಿತ್ತು, ಅದನ್ನು 3 ಪಾಯಿಂಟ್‌ಗೆ ದಪ್ಪ ಮಾಡಿ ಬೂದು ಕೊಟ್ಟು ಉಳಿದ ಗೆರೆಗಳ ಹಿಂದಕ್ಕೆ ಕಳಿಸುತ್ತೇನೆ. ಹಿಂದಕ್ಕೆ ಕಳಿಸುವುದು ಮರೆಯಬೇಡಿ. ದಪ್ಪ ಬೂದು ಗೆರೆ ಮೇಲಿದ್ದರೆ ಅದು ಹಾದುಹೋಗುವ ಕಡೆಯೆಲ್ಲ ಕಪ್ಪು ಗೆರೆಗಳನ್ನು ನುಂಗುತ್ತದೆ.

ಗೆರೆ, ಚುಕ್ಕಿ, ಗೆರೆ, ಚುಕ್ಕಿ ಅಂತ ಹೋಗುವ ನಮೂನೆಯನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಅದು ಚಾರ್ಟಿನಲ್ಲಿ ಚೆನ್ನಾಗಿಯೇ ಕಾಣುತ್ತದೆ, ಲೆಜೆಂಡ್‌ನಲ್ಲಿ ಸೋಲುತ್ತದೆ. ಲೆಜೆಂಡ್‌ನ ತುಂಡು ಸಾಮಾನ್ಯವಾಗಿ 20 ಪಾಯಿಂಟ್ ಉದ್ದ ಇರುತ್ತದೆ. ಮೇಲೆ ಹೇಳಿದ 6 ಮತ್ತು 3ರ ಡ್ಯಾಶ್ ಅದರಲ್ಲಿ ಎರಡು ಸಲ ಬರುತ್ತದೆ, ಓದುಗರಿಗೆ ನಮೂನೆ ತಿಳಿಯುತ್ತದೆ. ಅದೇ ಅಳತೆಯಲ್ಲಿ ಗೆರೆ-ಚುಕ್ಕಿಯ ಒಂದು ಸುತ್ತೇ 13.5 ಪಾಯಿಂಟ್ ಆಗುತ್ತದೆ. 20ರಲ್ಲಿ ಒಂದು ಸುತ್ತು ಮಾತ್ರ ಕಂಡರೆ ಅದು ಡ್ಯಾಶೋ ಏನೋ ಅಂತ ಅನುಮಾನ. ನಿಜ ಹೇಳಬೇಕೆಂದರೆ ಲೆಜೆಂಡನ್ನೇ ನಂಬಿ ಕೂರುವುದಕ್ಕಿಂತ ಪ್ರತಿ ಗೆರೆಯ ಬಲತುದಿಯಲ್ಲಿ ಅದರ ಹೆಸರು ಬರೆದುಬಿಡುವುದು ಒಳ್ಳೆಯದು. ಇಂಕ್‌ಸ್ಕೇಪ್‌ನಲ್ಲಿ ಪುಟ ತೆರೆದೇ ಇದೆ, ಅಕ್ಷರದ ಉಪಕರಣದಿಂದ ನಾಲ್ಕು ಪದ ಬರೆಯಲು ಎಷ್ಟು ಹೊತ್ತು? ಗೆರೆಯ ಪಕ್ಕದಲ್ಲೇ ಹೆಸರಿದ್ದರೆ ಪ್ರಿಂಟ್ ಎಷ್ಟೇ ಕಳಪೆಯಾದರೂ ಓದುಗರು ದಾರಿ ತಪ್ಪುವುದಿಲ್ಲ. ಗೆರೆಗಳ ತುದಿಗಳು ಒಂದೇ ಕಡೆ ಮುದ್ದೆಯಾಗಿ ಸೇರಿದ್ದರೆ ಮಾತ್ರ ಹೆಸರನ್ನು ಅವು ದೂರವಿರುವ ಇನ್ನೊಂದು ಜಾಗಕ್ಕೆ ಸರಿಸಿ.

ಒಂದು ತೊಂದರೆ ಬರಬಹುದು. ಡ್ಯಾಶ್ ಆರಿಸಿದರೂ ಗೆರೆ ಅಖಂಡವಾಗಿಯೇ ಉಳಿಯುತ್ತದೆ, ಏನೂ ಆಗಿಲ್ಲ ಅನಿಸುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಒಂದು ಗೆರೆಯನ್ನು ನೂರಾರು ಪುಟ್ಟ ತುಂಡುಗಳಾಗಿ ಪಿಡಿಎಫ್‌ಗೆ ಬರೆಯುತ್ತವೆ. ಡ್ಯಾಶ್ ಪ್ರತಿ ತುಂಡಿನಲ್ಲೂ ಹೊಸದಾಗಿ ಶುರುವಾಗುತ್ತದೆ. ತುಂಡು 2 ಪಾಯಿಂಟ್ ಉದ್ದ, ಡ್ಯಾಶ್ 6 ಪಾಯಿಂಟ್ ಆದರೆ ಖಾಲಿ ಜಾಗ ಬರುವ ಸರದಿಯೇ ಇಲ್ಲ. ಒಂದು ಕ್ಲಿಕ್‌ಗೆ ಗೆರೆಯ ಚೂರು ಮಾತ್ರ ಆಯ್ಕೆಯಾದರೆ ಇದೇ ಕಾಯಿಲೆ ಅಂತ ತಿಳಿಯಿರಿ. ತುಂಡುಗಳನ್ನೆಲ್ಲ ಆರಿಸಿ Path > Combine ಕೊಟ್ಟು, ಆಮೇಲೆ ನೋಡ್ ಉಪಕರಣದಲ್ಲಿ ತುದಿಗಳನ್ನು ಜೋಡಿಸಬೇಕು. Combine ಒಂದೇ ಸಾಲದು, ಅದು ತುಂಡುಗಳನ್ನು ಒಂದು ವಸ್ತು ಮಾಡುತ್ತದೆ, ತುದಿಗಳನ್ನು ಅಂಟಿಸುವುದಿಲ್ಲ. ನೂರಾರು ತುಂಡಿದ್ದರೆ ಈ ಗೋಜು ಬೇಡ. ಅಂಥ ಚಾರ್ಟಿನಲ್ಲಿ ದಪ್ಪ ಬದಲಾಯಿಸಿ, ಗೆರೆಯ ಮೇಲೆ ಅಲ್ಲಲ್ಲಿ ಸಣ್ಣ ಚೌಕ, ತ್ರಿಕೋನ ಇಟ್ಟು, ಹೆಸರು ಬರೆದು ಮುಗಿಸಿ.

ತಿದ್ದಿದ ಪುಟವನ್ನು p14.pdf ಅಂತ ಉಳಿಸಿ. ಅದನ್ನು ವರದಿಯಲ್ಲಿ ಹಳೆಯ 14ನೇ ಪುಟದ ಜಾಗಕ್ಕೆ ಕೂರಿಸಲು qpdf ಅನ್ನುವ ಉಚಿತ ಉಪಕರಣ ಇದೆ, ಟರ್ಮಿನಲ್‌ನಲ್ಲಿ ಈ ಕಮಾಂಡ್ ಕೊಡಿ:

```
qpdf report.pdf --pages report.pdf 1-13 p14.pdf 1 report.pdf 15-z -- fixed.pdf
```

ಇಲ್ಲಿ z ಅಂದರೆ ಕೊನೆಯ ಪುಟ. ನಿಮ್ಮ 9 ಪುಟಗಳನ್ನೂ ಇದೇ ಸಾಲಿನಲ್ಲಿ ಒಂದರ ಹಿಂದೆ ಒಂದು ಸೇರಿಸಿಕೊಂಡು ಹೋಗಬಹುದು. ಇಷ್ಟಾದ ಮೇಲೆ ಪೂರ್ತಿ ಫೈಲನ್ನು ಗೋಸ್ಟ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಕಮಾಂಡ್ ಉಪಕರಣದಿಂದ ಗ್ರೇಸ್ಕೇಲ್ ಮಾಡಿ. ವಿಂಡೋಸ್‌ನಲ್ಲಿ gs ಬದಲು gswin64c ಅಂತ ಬರೆಯಬೇಕು:

```
gs -o gray.pdf -sDEVICE=pdfwrite -sColorConversionStrategy=Gray -dProcessColorModel=/DeviceGray fixed.pdf
```

ಇಂಟರ್ನೆಟ್‌ನಲ್ಲಿ ಸಿಗುವ ಎಷ್ಟೋ ಕಮಾಂಡ್‌ಗಳಲ್ಲಿ -dPDFSETTINGS=/screen ಅಂತ ಒಂದು ಬಾಲ ಇರುತ್ತದೆ. ಅದನ್ನು ಹಾಕಬೇಡಿ. ಫೈಲ್ ಚಿಕ್ಕದಾಗುತ್ತದೆ, ಆದರೆ ಒಳಗಿನ ಫೋಟೋಗಳನ್ನು ಪರದೆಗೆ ಸಾಕಾಗುವಷ್ಟು ಕೆಳಗಿಳಿಸುತ್ತದೆ, ಪ್ರಿಂಟ್‌ನಲ್ಲಿ ಮಸುಕಾಗುತ್ತವೆ.

ಪ್ರಿಂಟ್ ಡೈಲಾಗ್‌ನಲ್ಲೇ ಗ್ರೇಸ್ಕೇಲ್ ಅಂತ ಟಿಕ್ ಮಾಡಿದರೆ ಸಾಲದಾ? ನಿಮ್ಮದೇ ಲೇಸರ್ ಪ್ರಿಂಟರ್ ಆದರೆ ಸಾಕು. ಬೇರೆಯವರಿಂದ ಪ್ರಿಂಟ್ ಮಾಡಿಸುವಾಗ ಫೈಲೇ ಬೂದಾಗಿರುವುದು ಕ್ಷೇಮ. ಪುಟದ ಮೂಲೆಯಲ್ಲಿ ಒಂದು ನೀಲಿ ಲಿಂಕ್ ಉಳಿದಿದ್ದರೂ ಕಲರ್ ಯಂತ್ರ ಆ ಪುಟವನ್ನು ಕಲರ್ ಅಂತ ಎಣಿಸಬಹುದು. ಇಂಕ್‌ಜೆಟ್‌ನದ್ದು ಇನ್ನೊಂದು ಕಥೆ. ಕೆಲವು ಇಂಕ್‌ಜೆಟ್‌ಗಳು ಬೂದನ್ನೂ ಬಣ್ಣದ ಶಾಯಿಗಳನ್ನು ಬೆರೆಸಿಯೇ ಮಾಡುತ್ತವೆ. ಫೈಲ್ ಬೂದಾದರೂ ಬಣ್ಣದ ಶಾಯಿ ಖರ್ಚಾಗುತ್ತದೆ. ಅಲ್ಲಿ ಡ್ರೈವರ್‌ನಲ್ಲಿ ಕಪ್ಪು ಶಾಯಿ ಮಾತ್ರ ಬಳಸು ಅನ್ನುವ ಆಯ್ಕೆ ಹುಡುಕಿ.

ಫೈಲಿನಲ್ಲಿ ಬಣ್ಣ ಉಳಿದಿದೆಯೋ ಇಲ್ಲವೋ ಅಂತ ಕಣ್ಣಿಂದ ನೋಡಿ ಹೇಳುವುದು ಕಷ್ಟ. ಗೋಸ್ಟ್‌ಸ್ಕ್ರಿಪ್ಟ್‌ನಲ್ಲೇ ಅದಕ್ಕೆ ಅಳತೆ ಇದೆ:

```
gs -o - -sDEVICE=inkcov gray.pdf
```

ಪ್ರತಿ ಪುಟಕ್ಕೂ ಇಂಥ ಒಂದು ಸಾಲು ಬರುತ್ತದೆ:

```
0.00000  0.00000  0.00000  0.04312 CMYK OK
```

ಮೊದಲ ಮೂರು ಸಂಖ್ಯೆ ಬಣ್ಣದ ಶಾಯಿಗಳದ್ದು, ನಾಲ್ಕನೆಯದು ಕಪ್ಪಿನದ್ದು. ಮೊದಲ ಮೂರೂ ಸೊನ್ನೆಯಾಗಿರಬೇಕು. ಯಾವುದಾದರೂ ಪುಟದಲ್ಲಿ ಆಗಿರದಿದ್ದರೆ ಆ ಪುಟವನ್ನಷ್ಟೇ ಮತ್ತೆ ನೋಡಿ.

ಇನ್ನು ಪ್ರಿಂಟ್. 62 ಪುಟವನ್ನೂ ಒಂದೇ ಸಲ ಕಳಿಸಬೇಡಿ, ತೀರಾ ಗೋಜಲಾಗಿರುವ ಚಾರ್ಟಿನ ಒಂದು ಪುಟ ತೆಗೆದು ನೋಡಿ. ಕೊನೆಗೆ ಹೇಗೆ ಪ್ರಿಂಟ್ ಮಾಡುತ್ತೀರೋ ಹಾಗೆಯೇ ತೆಗೆಯಿರಿ. ದುಡ್ಡು ಉಳಿಸಲು ಒಂದು ಹಾಳೆಗೆ ಎರಡು ಪುಟ ಹಾಕುವವರಿದ್ದರೆ ಎಲ್ಲವೂ ಶೇಕಡಾ 71ಕ್ಕೆ ಕುಗ್ಗುತ್ತದೆ. 1.5 ಪಾಯಿಂಟ್‌ನ ಗೆರೆ ಸುಮಾರು ಒಂದು ಪಾಯಿಂಟ್ ಆಗುತ್ತದೆ. ಡ್ಯಾಶ್ ತಡೆದುಕೊಳ್ಳುತ್ತದೆ, ಚುಕ್ಕಿಗಳು ಕೂಡಿಕೊಂಡು ಅಖಂಡ ಗೆರೆಯಂತೆ ಕಾಣಲು ಶುರುವಾಗುತ್ತವೆ. ಹಾಗಾದರೆ ಚುಕ್ಕಿಗಳ ನಡುವಿನ ಜಾಗವನ್ನು 2ರ ಬದಲು 3 ಮಾಡಿ. ಟೋನರ್ ಉಳಿಸುವ ಮೋಡ್ ಹಾಕುವ ಯೋಚನೆ ಇದ್ದರೆ ಅದನ್ನೂ ಹಾಕಿಯೇ ನೋಡಿ, ಅದರಲ್ಲಿ ಅಪ್ಪಟ ಕಪ್ಪೂ ತೆಳುವಾಗಿ ಗೆರೆಯ ಅಂಚು ಹರಿಯಬಹುದು. ಒಂದು ಪ್ರತಿ ತೆಗೆದು ಉಳಿದದ್ದನ್ನು ಜೆರಾಕ್ಸ್ ಮಾಡಿಸುವುದಾದರೆ ಕಿತ್ತಳೆ ಗೆರೆಗೂ ಬೂದು ಬೇಡ, ಜೆರಾಕ್ಸ್‌ನಲ್ಲಿ ಬೂದು ಒಂದೋ ಮಸಿಯಾಗುತ್ತದೆ, ಇಲ್ಲ ಬಿಳಿಚಿಕೊಳ್ಳುತ್ತದೆ.

ನಿಮ್ಮ ಚಾರ್ಟ್‌ಗಳಲ್ಲಿ ಗೆರೆ ಬಿಟ್ಟು ಬೇರೆ ಏನಿದೆ ಅಂತ ನೀವು ಹೇಳಿಲ್ಲ. ತಿಳಿ ಹಳದಿ ಪಟ್ಟಿಗಳಿದ್ದರೆ ಹುಷಾರು. ಗಾಢ ಹಳದಿಯೇ ಬೂದಾದಾಗ 227 ಆಗುತ್ತದೆ, ಕಾಗದದ ಮೇಲೆ ಇಲ್ಲವೇ ಇಲ್ಲ ಅನ್ನುವಷ್ಟು ತಿಳಿ. ತಿಳಿ ಹಳದಿಯ ಕಥೆ ಕೇಳುವುದೇ ಬೇಡ. ಕಾಮನಬಿಲ್ಲಿನ ಬಣ್ಣಗಳ ಹೀಟ್‌ಮ್ಯಾಪ್ ಇದ್ದರೆ ಅದನ್ನು ಪಿಡಿಎಫ್‌ನಲ್ಲಿ ತಿದ್ದಲು ಆಗುವುದಿಲ್ಲ. ಅದರ ಎರಡೂ ಕೊನೆಗಳಾದ ಕಡುನೀಲಿ, ಕಡುಗೆಂಪು ಎರಡೂ ಕಡು ಬೂದಾಗಿ, ಅತಿ ಕಡಿಮೆ ಯಾವುದು, ಅತಿ ಜಾಸ್ತಿ ಯಾವುದು ಅನ್ನುವುದೇ ಅಳಿಸಿಹೋಗುತ್ತದೆ. ಆ ಪುಟವನ್ನು ಕಲರ್‌ನಲ್ಲೇ ತೆಗೆಸಿ.

ಚಿತ್ರವಾಗಿ ಅಂಟಿಸಿದ ಚಾರ್ಟ್‌ಗೂ ಹೆಚ್ಚುಕಡಿಮೆ ಇದೇ ಮಾತು. ಗೆರೆ ಮುಟ್ಟಲು ಆಗದಿದ್ದರೂ ಅದರ ಮೇಲೆ ಹೆಸರು ಬರೆಯಬಹುದು, ಬಾಣದ ಗುರುತು ಹಾಕಬಹುದು. ಗೆರೆಗಳು ಒಂದನ್ನೊಂದು ಜಾಸ್ತಿ ದಾಟದ ಚಾರ್ಟಿಗೆ ಅಷ್ಟು ಸಾಕು. ಹತ್ತಾರು ಕಡೆ ದಾಟಿಕೊಂಡು ಹೋಗುವ ಚಾರ್ಟಾದರೆ ಹೆಸರು ಬರೆದರೂ ಯಾವುದು ಯಾವ ಕಡೆ ಹೋಯಿತು ಅಂತ ತಿಳಿಯುವುದಿಲ್ಲ. ಅಂಥ ಒಂದೆರಡು ಪುಟ ಮಾತ್ರ ಕಲರ್, ಉಳಿದ 60 ಪುಟ ಕಪ್ಪು-ಬಿಳುಪು ಅಂತ ಎರಡು ಫೈಲ್ ಮಾಡಿ ಕೊಡಿ. ಮೇಲಿನ qpdf ಸಾಲಿನಿಂದಲೇ ಪುಟ ಬೇರ್ಪಡಿಸಬಹುದು. ಉಳಿತಾಯ ಅಷ್ಟೇನೂ ಕಡಿಮೆಯಾಗುವುದಿಲ್ಲ.

ಪ್ರಿಂಟ್‌ಗೆ ಕಳಿಸುವ ಮೊದಲು ಇನ್ನೊಂದು ಕೆಲಸ. ಬಣ್ಣದ ಮೂಲ ಪಿಡಿಎಫ್ ತೆರೆದು Ctrl+F ಒತ್ತಿ ಕೆಂಪು, ನೀಲಿ, ಹಸಿರು, ಕಿತ್ತಳೆ ಅಂತ ಒಂದೊಂದಾಗಿ ಹುಡುಕಿ. ಕನ್ನಡ ಪಿಡಿಎಫ್‌ಗಳಲ್ಲಿ ಹುಡುಕಾಟ ಎಷ್ಟೋ ಸಲ ಕೆಲಸ ಮಾಡುವುದಿಲ್ಲ, ಆಗ ಚಾರ್ಟ್ ಪುಟಗಳ ಹಿಂದುಮುಂದಿನ ಪ್ಯಾರಾಗಳನ್ನು ಓದಿಯೇ ನೋಡಬೇಕು. "ಕೆಂಪು ಗೆರೆ ತೋರಿಸುವಂತೆ" ಅಂತ ಎಲ್ಲೋ ಒಂದು ಸಾಲಿರುತ್ತದೆ. ಗೆರೆಗಳನ್ನೆಲ್ಲ ತಿದ್ದಿಯೂ ಈ ಸಾಲು ಹಾಗೇ ಉಳಿದರೆ ಓದುಗರು ಕಪ್ಪು ಪುಟದಲ್ಲಿ ಕೆಂಪು ಹುಡುಕುತ್ತಾ ಕೂರುತ್ತಾರೆ. ಅದು ಚಾರ್ಟಿರುವ ಪುಟದಲ್ಲೇ ಇದ್ದರೆ ಇಂಕ್‌ಸ್ಕೇಪ್‌ನಲ್ಲಿ ಆ ಪದವನ್ನು ಅಳಿಸಿ "ತುಂಡು ಗೆರೆ" ಅಂತ ಬರೆಯಿರಿ. ಬೇರೆ ಪುಟದಲ್ಲಿದ್ದರೆ ಆ ಪುಟ ಮುಟ್ಟುವ ಬದಲು ಚಾರ್ಟಿನ ಕೆಳಗೇ ಒಂದು ಸಾಲು ಸೇರಿಸಿ: ಪಠ್ಯದಲ್ಲಿ ಕೆಂಪು ಎಂದಿರುವುದು ಇಲ್ಲಿ ತುಂಡು ಗೆರೆ, ಹಸಿರು ಎಂದಿರುವುದು ಚುಕ್ಕಿಗೆರೆ, ನೀಲಿ ಅಖಂಡ ಗೆರೆ, ಕಿತ್ತಳೆ ದಪ್ಪ ಬೂದು ಗೆರೆ.